ಪೊಟ್ಟಣದ ಬೆನ್ನು

ಆಹಾರ ಇಲಾಖೆಯ ಅಧಿಕಾರಿ ಒಳಗೆ ಬಂದಾಗ ಅತ್ತಿಗೆ ತನ್ನ ಕಾರ್ಖಾನೆಯಲ್ಲಿ ಆರಿದ ಬಿಸ್ಕತ್ತೊಂದನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದಳು. ಸದ್ದು ಕೇಳಿಯೇ ಬೆಂದದ್ದು ಸಾಕೋ ಸಾಲದೋ ಹೇಳಬಲ್ಲವಳು. ಹಿಂದೆ ನಾದಿನಿ ಇಲ್ಲಿ ಕೆಲಸ ಕಲಿಯುತ್ತಿದ್ದಾಗ ಮೂರು ಹೊತ್ತೂ ‘ಅತ್ತಿಗೆ, ಅತ್ತಿಗೆ’ ಎಂದು ಕರೆಯುತ್ತಿದ್ದುದರಿಂದ, ಕಾರ್ಖಾನೆಯ ಹೆಂಗಸರಿಗೆಲ್ಲ ಅವಳು ಅತ್ತಿಗೆಯೇ ಆಗಿಬಿಟ್ಟಿದ್ದಳು.

ಅಧಿಕಾರಿ ಅವಳ ವಯಸ್ಸಿನವರೇ. ನೀರು ಬೇಡ, ಕುರ್ಚಿ ಸಾಕು ಎಂದರು. ಚೀಲದಿಂದ ಬಿಸ್ಕತ್ತಿನ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲೆ ಬೋರಲು ಹಾಕಿದರು.

“ಒಂದು ಮಗು ಇದನ್ನ ತಿಂದು ಆಸ್ಪತ್ರೆ ಸೇರಿತ್ತು. ಈಗ ಮನೆಗೆ ಬಂದಿದೆ, ಗಾಬರಿ ಆಗ್ಬೇಡಿ. ಆ ಮಗುಗೆ ಕಡಲೆಬೀಜ ಆಗಲ್ಲ. ಬಿಸ್ಕತ್ತನ್ನ ಪರೀಕ್ಷೆ ಮಾಡಿಸಿದ್ವಿ, ಕಡಲೆಬೀಜದ ಅಂಶ ಇದೆ.”

“ನಮ್ಮಲ್ಲಿ ಕಡಲೆಬೀಜ ಬಾಗಿಲು ದಾಟೋದೇ ಇಲ್ಲ ಮೇಡಂ. ಡಬ್ಬಿ ಊಟಕ್ಕೂ ಯಾರೂ ತರೋ ಹಾಗಿಲ್ಲ.”

“ಹೌದೌದು. ಪಾಪ, ನನ್ನ ಗಂಡ ಬೇರೆ ಕಾರ್ಖಾನೆಗೆ ಸೇರ್ಕೋ ಅಂತಾನೆ, ಇಲ್ಲಿ ಡಬ್ಬಿಗೆ ಕಡಲೆಬೀಜದ ಚಟ್ನಿಗೂ ದಾರಿದ್ರ್ಯ ಅಂತ,” ಎಂದಳು ಪ್ಯಾಕಿಂಗ್ ಯಂತ್ರದ ಹೆಂಗಸು. ಬಾಯಿ ನಿಲ್ಲದ ಅವಳನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು.

“ರೇಡಿಯೋ, ಸ್ವಲ್ಪ ಆಫ್ ಮಾಡ್ಕೊ,” ಎಂದಳು ಅತ್ತಿಗೆ.

ಅಧಿಕಾರಿ ಪೊಟ್ಟಣದ ಹಿಂಬದಿಗೆ ಬೆರಳಿಟ್ಟರು. ದೊಡ್ಡ ಅಕ್ಷರದಲ್ಲಿದ್ದದ್ದು ಕಂಪನಿಯ ಹೆಸರು, ಅದರ ಪಕ್ಕ ‘ಮಾರಾಟಗಾರರು’ ಎಂದಿತ್ತು. “ಜನ ಇಲ್ಲಿಗೇ ನಿಂತುಬಿಡ್ತಾರೆ. ಮಾರೋರು ಬೇರೆ, ಮಾಡೋರು ಬೇರೆ.” ಬೆರಳು ಕೆಳಗಿಳಿಯಿತು. ‘ತಯಾರಕರು’ ಎಂಬುದರ ಮುಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ವಿಳಾಸ, ಅದರಡಿ ಲೈಸೆನ್ಸ್ ನಂಬರು. “ಈ ನಂಬರನ್ನ ನಮ್ಮ ಕಂಪ್ಯೂಟರಿಗೆ ಹಾಕಿದೆ. ನಿಮ್ಮ ಹೆಸರು ಬಂತು. ನಿಮ್ಮಲ್ಲಿ ಆಗಿದ್ದಾದರೆ, ಇವತ್ತೇ ಬಾಗಿಲು ಹಾಕಿಸ್ಬೇಕಾಗುತ್ತೆ.”

ಅತ್ತಿಗೆ ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಂಬರು ಅವಳದೇ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಷ್ಟು ಬಾಯಿಪಾಠ. ಅಂಚಿನಲ್ಲಿ ಯಂತ್ರ ಒತ್ತಿದ ಕಪ್ಪು ಮಸಿಯ ಬ್ಯಾಚ್ ಸಂಖ್ಯೆಗೆ ಕಣ್ಣು ಹೋಯಿತು. ಮೊದಲ ಅಕ್ಷರ ‘ಎಂ’.

ಅವಳ ಯಂತ್ರ ಒತ್ತುವುದು ‘ಕೆ’. ಒಂದೇ ಬಿಸ್ಕತ್ತನ್ನು ಬೇರೆ ಬೇರೆ ಕಡೆ ಮಾಡಿಸುವ ಕಂಪನಿ ಪ್ರತಿ ಕಾರ್ಖಾನೆಗೂ ಒಂದೊಂದು ಅಕ್ಷರ ಕೊಟ್ಟಿತ್ತು. ‘ಎಂ’ ಊರಿನ ಆಚೆ ತುದಿಯ ಕಾರ್ಖಾನೆಯದು. ಅವಳ ನಾದಿನಿಯದು.

ಪೊಟ್ಟಣದ ಹೊದಿಕೆ ಇಲ್ಲಿಯದು, ಬಿಸ್ಕತ್ತು ಅಲ್ಲಿಯದು. ಹೇಗೆಂದು ಅವಳಿಗೆ ಯೋಚಿಸಬೇಕಾಗಲಿಲ್ಲ. ಮೂರು ವಾರದ ಹಿಂದೆ ನಾದಿನಿ ಫೋನ್ ಮಾಡಿದ್ದಳು: ಅಚ್ಚು ಹಾಕಿದ ಹೊದಿಕೆಯ ರೋಲ್ ಬಂದಿಲ್ಲ, ಮಾಲಿಗೆ ಲಾರಿ ಬರುತ್ತೆ, ಎರಡು ರೋಲ್ ಕೊಡಿ ಅತ್ತಿಗೆ. ಸಕ್ಕರೆ ಮುಗಿದರೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗುತ್ತಾರಲ್ಲ, ಹಾಗೆ. ಅತ್ತಿಗೆಯೂ ಒಂದು ಲೋಟ ಸಕ್ಕರೆ ಕೊಟ್ಟಂತೆ ಕೊಟ್ಟಿದ್ದಳು. ಅದೇ ಬಿಸ್ಕತ್ತು, ಅದೇ ಬಣ್ಣ, ಅದೇ ಚಿತ್ರ. ವಿಳಾಸ ಬೇರೆ ಎಂಬುದು ಆಗಲೂ ಮನಸ್ಸಿಗೆ ಬಂದಿತ್ತು, ಅದನ್ನು ಯಾರು ನೋಡುತ್ತಾರೆ ಎಂದುಕೊಂಡಿದ್ದಳು.

ಈಗ ವಿಳಾಸದ ಕೆಳಗಿನ ಸಾಲನ್ನು ನೋಡಿದಳು. ‘ಕಡಲೆಬೀಜ ಬಳಸದ ಘಟಕದಲ್ಲಿ ತಯಾರಾದದ್ದು.’ ಆ ಸಾಲು ಇದ್ದದ್ದು ತನ್ನ ರೋಲಿನ ಮೇಲೆ ಮಾತ್ರ. ನಾದಿನಿಯ ಕಾರ್ಖಾನೆಯಲ್ಲಿ ಕಡಲೆಬೀಜದ ಬಿಸ್ಕತ್ತೂ ಅದೇ ಒಲೆಯಲ್ಲಿ ಬೇಯುತ್ತಿತ್ತು. ನಾದಿನಿಯ ಸ್ವಂತ ರೋಲಿನ ಮೇಲೆ ‘ಕಡಲೆಬೀಜದ ಅಂಶ ಇರಬಹುದು’ ಎಂಬ ಎಚ್ಚರಿಕೆ ಇರುತ್ತಿತ್ತು. ಯಾರೋ ಒಬ್ಬ ತಾಯಿ ಅಂಗಡಿಯಲ್ಲಿ ನಿಂತು, ಕಣ್ಣು ಕಿರಿದು ಮಾಡಿ, ಈ ಸಾಲನ್ನು ಓದಿ, ಸಮಾಧಾನದಿಂದ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡಿದ್ದಾಳೆ.

“ಒಂದು ನಿಮಿಷ ಮೇಡಂ,” ಎಂದು ಹಿಟ್ಟಿನ ಕೋಣೆಗೆ ಹೋಗಿ ಗಂಡನಿಗೆ ಫೋನ್ ಮಾಡಿದಳು.

“ರೋಲ್ ಕಳುವಾಯ್ತು ಅನ್ನು,” ಎಂದ ಅವನು, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ. “ಬ್ಯಾಚ್ ನಿಂದಲ್ಲ ತಾನೆ? ನೀನು ಪಾರು. ಅವಳ ಹೆಸರು ಯಾಕೆ ತೆಗೀತೀಯ? ನಮ್ಮ ಮನೆ ಹುಡುಗಿ ಕಣೇ.”

“ಮಗು ಯಾರ ಮನೇದೋ?”

“ಮಾತಿಗೆ ಮಾತು ಬೇಡ. ಯಾವತ್ತೂ ಹೊಂದ್ಕೊಂಡು ಹೋದವಳು ನೀನು.”

ಆ ಮಾತು ಅವಳಿಗೆ ಹೊಸದಲ್ಲ. ಮದುವೆಯಾಗಿ ಬಂದ ದಿನದಿಂದ ಅದು ಅವಳಿಗೆ ಸಿಕ್ಕ ಬಹುಮಾನ. ಕೇಳಿದ್ದನ್ನು ಕೊಡುವುದು, ಯಾಕೆ ಎಂದು ಕೇಳದೆ ಕೊಡುವುದು. ಹಾಗೆ ಕೊಟ್ಟಾಗಲೆಲ್ಲ ತಾನು ದೊಡ್ಡವಳಾದೆ ಅನಿಸುತ್ತಿತ್ತು. ಇವತ್ತು ಮೊದಲ ಸಲ, ನೋಡದೆ ಕೊಡುವುದರಲ್ಲಿ ಒಂದು ಸೋಮಾರಿತನವೂ ಇದೆ ಅನಿಸಿತು. ಬೇಸರವಾಗಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡಂತಾಯಿತು, ಅಷ್ಟೆ.

“ಹೊಂದ್ಕೋತೀನಿ ರೀ, ಆಮೇಲೆ,” ಎಂದು ಫೋನ್ ಇಟ್ಟಳು.

ಅಧಿಕಾರಿಯ ಮುಂದೆ ಕುಳಿತು ಇದ್ದದ್ದು ಇದ್ದ ಹಾಗೆ ಹೇಳಿದಳು. ರೋಲ್ ಕೊಟ್ಟದ್ದು ತಾನು. ಬ್ಯಾಚ್ ‘ಎಂ’, ಅದು ನಾದಿನಿಯ ಘಟಕ. ಬೇಕಾದರೆ ಅಕ್ಷರ ಯಾರದೆಂದು ಕಂಪನಿಯನ್ನೇ ಕೇಳಿ.

“ಕೇಳಿ ಆಯ್ತು,” ಎಂದರು ಅಧಿಕಾರಿ. “ನಂಬರು ಒಂದು ಕಡೆ, ಅಕ್ಷರ ಒಂದು ಕಡೆ ಕೈ ತೋರಿಸ್ತಿತ್ತು. ಅದಕ್ಕೇ ನೋಟಿಸ್ ಕಳಿಸದೆ ನಾನೇ ಬಂದೆ. ನಿಮ್ಮ ನಂಬರನ್ನ ಅವರು ಕದ್ದರೋ, ನೀವು ಕೊಟ್ಟರೋ, ಅದೊಂದು ತಿಳೀಬೇಕಿತ್ತು. ಕೊಟ್ಟಿದ್ದು ನಿಮ್ಮ ತಪ್ಪೂ ಹೌದು, ಗೊತ್ತಲ್ಲ?”

“ಗೊತ್ತು. ನನ್ನ ಮೇಲೆ ಏನು ಹಾಕ್ಬೇಕೋ ಹಾಕಿ. ಮೊದಲು ಅಂಗಡಿಗಳಿಗೆ ಹೇಳಿ. ಬರೀ ನನ್ನ ನಂಬರು ಹೇಳಿದರೆ ಒಳ್ಳೇ ಮಾಲೂ ವಾಪಸ್ ಬರುತ್ತೆ. ಬರೀ ‘ಎಂ’ ಅಂದರೆ ಎಚ್ಚರಿಕೆ ಇರೋ ಪೊಟ್ಟಣಾನೂ ಬರುತ್ತೆ. ಎರಡೂ ಒಟ್ಟಿಗೆ ಇರೋದನ್ನ ತೆಗೀಬೇಕು. ನನ್ನ ನಂಬರು, ‘ಎಂ’ ಬ್ಯಾಚು.”

ಅಧಿಕಾರಿ ಮೊದಲ ಸಲ ನಕ್ಕರು. “ಹಾಗೇ ಬರೀತಿದ್ದೀನಿ. ನಡೀರಿ, ಅಲ್ಲಿಗೆ ಹೋಗೋಣ.”

ನಾದಿನಿಯ ಕಾರ್ಖಾನೆಯ ಮುಂದೆ ಲಾರಿ ನಿಂತಿತ್ತು. ಅರ್ಧ ತುಂಬಿತ್ತು. ಸೆರಗು ಸಿಕ್ಕಿಸಿಕೊಂಡು ಪೆಟ್ಟಿಗೆ ಎಣಿಸುತ್ತಿದ್ದ ನಾದಿನಿ ಇಬ್ಬರನ್ನೂ ಕಂಡು ಬಂದಳು.

“ಅಣ್ಣ ಫೋನ್ ಮಾಡಿದ್ದ. ನನ್ನ ಮೇಲೆ ಹೇಳಿಬಿಟ್ರಾ ಅತ್ತಿಗೆ?”

“ನನ್ನ ಮೇಲೂ ಹೇಳಿಕೊಂಡೆ.”

“ನೀವೇ ತಾನೇ ಕೊಟ್ಟಿದ್ದು! ನಾನೇನು ಗೋಡೆ ಹಾರಿ ಬಂದಿದ್ನಾ?”

“ಇಲ್ಲ ಮಾರಾಯ್ತಿ, ಗೇಟಿಂದಾನೇ ಬಂದೆ, ಕಾಫಿ ಕುಡಿದು ಹೋದೆ. ಇದನ್ನ ಓದು.” ಪೊಟ್ಟಣದ ಬೆನ್ನನ್ನು ಅವಳ ಮುಖದ ಹತ್ತಿರ ಹಿಡಿದಳು.

ನಾದಿನಿ ಓದಿದಳು. ಇನ್ನೊಮ್ಮೆ ಓದಿದಳು. ಸಿಟ್ಟು ಮುಖದಲ್ಲಿ ಹಾಗೇ ಇತ್ತು, ಆದರೆ ಅದಕ್ಕೆ ನಿಲ್ಲಲು ಜಾಗ ಸಿಗುತ್ತಿರಲಿಲ್ಲ. “ನನ್ನ ರೋಲ್ ಮೇಲೆ ಬೇರೆ ಇರುತ್ತೆ,” ಎಂದಳು ಮೆಲ್ಲಗೆ. “ಮಗು ಹೇಗಿದೆ?”

“ಚೆನ್ನಾಗಿದೆ,” ಎಂದರು ಅಧಿಕಾರಿ. “ಲಾರೀಲಿ ಈ ಹೊದಿಕೆಯ ಮಾಲು ಇದೆಯಾ?”

“ಇದೆ. ಬೇರೇದೂ ಸೇರಿಕೊಂಡಿದೆ.” ನಾದಿನಿ ಅತ್ತಿಗೆಯ ಮುಖ ನೋಡಲಿಲ್ಲ. “ನಾನು ನಿಮ್ಮ ಹತ್ರ ಮಾತಾಡಲ್ಲ ಅತ್ತಿಗೆ, ನಾಲ್ಕು ದಿನ.”

“ಆಯ್ತು. ಏಣಿ ಎಲ್ಲಿದೆ?”

“ನೀವು ಹತ್ತಬೇಡಿ, ಮಂಡಿ ಹಿಡ್ಕೊಳ್ಳುತ್ತೆ. ಕೆಳಗೆ ನಿಂತು ನಂಬರು ನೋಡಿ.”

ಅವಳೇ ಲಾರಿ ಹತ್ತಿ ಮೊದಲ ಪೆಟ್ಟಿಗೆಯನ್ನು ಇಳಿಸಿ ಕೊಟ್ಟಳು. ಅತ್ತಿಗೆ ಅದನ್ನು ತೆರೆದು, ಒಂದು ಪೊಟ್ಟಣ ತಿರುಗಿಸಿ, ತನ್ನದೇ ನಂಬರು ಕಂಡು, ಪೆಟ್ಟಿಗೆಯನ್ನು ಎಡಕ್ಕೆ ಇಟ್ಟಳು. ನಾದಿನಿ ಎರಡನೆಯದನ್ನು ಚಾಚಿದಳು.