ನೋಡಲು ಮಾತ್ರ

“ಇದಕ್ಕ ಹೂಂ ಅಂತಾರೋ, ಇಲ್ಲೋ?” ಸ್ನೇಹಲ ಕಂಪ್ಯೂಟರ್ ಪರದೆಯನ್ನೇ ಕೇಳಿದಳು. ನಿಪ್ಪಾಣಿಯ ಆ ಪಶು ಆಹಾರ ಕಂಪನಿಯ ಕಚೇರಿಗೆ ಇನ್ನೂ ಯಾರೂ ಬಂದಿರಲಿಲ್ಲ.

ಪತ್ರ ಐಟಿ ಮುಖ್ಯಸ್ಥ ಅಭಿನಂದನರಿಗೆ. ವಾರದ ಮಾರಾಟ ವರದಿಗೆಂದು ಡಿಪೋಗಳಿಂದ ಬಂದ ಫೈಲುಗಳನ್ನು ಕೈಯಾರೆ ಜೋಡಿಸುವಾಗ ಒಮ್ಮೆ ಕಾಗವಾಡದ ಮಾರಾಟವನ್ನು ಎರಡು ಸಲ ಅಂಟಿಸಿಬಿಟ್ಟಿದ್ದಳು. ಇನ್ನು ಕೈಲೆಕ್ಕ ನಂಬುವುದಿಲ್ಲವೆಂದು ಮಾಲೀಕ ಭೂಪಾಲರು ಅಂದೇ ಹೇಳಿದ್ದರು. ಅದಕ್ಕೇ ಬರೆದಳು: ವಾರದ ವರದಿ ತಾನಾಗಿಯೇ ತಯಾರಾಗಲು ಮಾರಾಟದ ಡೇಟಾಬೇಸನ್ನು ಓದುವ ಅನುಮತಿ ಸಾಕು, ಒಂದಕ್ಷರವನ್ನೂ ನಾನು ತಿದ್ದಲಾರೆ.

ಅಭಿನಂದನರು ಕರೆಸಿ ಯಾವ ಯಾವ ಕೋಷ್ಟಕ ಬೇಕು, ಯಾವ ಹೊತ್ತಿಗೆ ಬೇಕು ಎಂದು ವಿಚಾರಿಸಿದರು. ಬಿಲ್ಲಿಂಗ್ ನಡೆಯುವ ಸರ್ವರಿನಲ್ಲಿ ಬೇಡ, ದಿನವೂ ರಾತ್ರಿ ತಯಾರಾಗುವ ಅದರ ಪ್ರತಿಯಿಂದ ಓದಿದರೆ ಸಾಕು ಎಂದರು. ವರದಿಗೆಂದೇ ಬೇರೆ ಲಾಗಿನ್ ಮಾಡಿಕೊಟ್ಟರು, ಓದಲು ಮಾತ್ರ.

ಸೋಮವಾರ ಬೆಳಿಗ್ಗೆ ಮೊದಲ ವರದಿ ನೇರ ಭೂಪಾಲರ ಮೇಲ್‌ಗೆ ಹೋಯಿತು. ಸ್ನೇಹಲ ತನ್ನ ಪ್ರತಿ ತೆರೆದು ನೋಡಿದಳು. ಕಾಗವಾಡ ಎಲ್ಲಕ್ಕಿಂತ ಕೆಳಗಿತ್ತು. ಈ ವರದಿಯಲ್ಲೂ ಮಾರಾಟ ಕುಸಿದಿದ್ದರೆ ಆ ಡಿಪೋ ಮುಚ್ಚಿ ಅಥಣಿಗೆ ಸೇರಿಸುವುದೆಂದು ಭೂಪಾಲರು ಮೊದಲೇ ಹೇಳಿದ್ದರು. ಮೀಟಿಂಗ್ ಹನ್ನೊಂದಕ್ಕೆ.

ಡಿಪೋ ನೋಡಿಕೊಳ್ಳುವ ಮಲಿಕಸಾಬನಿಗೆ ಫೋನ್ ಮಾಡಿದಳು.

“ಜೈನರ ಚಾತುರ್ಮಾಸ ಶುರುವಾತಲ್ರೀ ಅಕ್ಕಾರ,” ಅಂದ ಅವನು. “ಹೊತ್ತು ಮುಳುಗಿದ ಮ್ಯಾಲೆ ಗಲ್ಲಾ, ಕಂಪ್ಯೂಟರ್ ಎಲ್ಲಾ ಬಂದ್ ಅಂತ ಭೂಪಾಲ ಸಾವಕಾರ್ರು ಹೇಳ್ಯಾರ. ಆದ್ರ ಶನಿವಾರ ರೈತರಿಗೆ ಹಾಲಿನ ರೊಕ್ಕದ ಬಟವಾಡೆ ಆಗೂದ ಸಂಜಿಗೆ. ಬಂದ ಮಂದಿನ್ನ ಹೆಂಗ ತಿರುಗಿ ಕಳಿಸ್ಲಿ? ಕೈಬಿಲ್ ಬರದು ಚೀಲ ಕೊಟ್ಟೀನಿ. ನಿನ್ನಿ ಐತವಾರ, ಸೂಟಿ. ಈಗ ಕಂಪ್ಯೂಟರ್‌ಗೆ ಏರ್ಸಾಕತ್ತೀನಿ.”

ಬಿಲ್ ಏರಿಸಿದ ದಿನದ ತಾರೀಖನ್ನೇ ಯಂತ್ರ ಹಾಕಿಕೊಳ್ಳುತ್ತಿತ್ತು. ಶನಿವಾರ ಸಂಜೆಯ ಅಷ್ಟೂ ಮಾರಾಟ ಹೊಸ ವಾರಕ್ಕೆ ಜಾರುತ್ತಿತ್ತು.

“ನನ್ನ ಡಿಪೋ ಉಳೀತೈತಿ ಹೌದಲ್ರೀ?” ಮಲಿಕಸಾಬ ಮೆಲ್ಲಗೆ ಕೇಳಿದ. ನೋಡ್ತೀನಿ ಎಂದಳು.

ಅಭಿನಂದನರ ಮೇಜಿನ ಮುಂದೆ ನಿಂತು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಬಾಯಿಮಾತನ್ನು ಸಾವಕಾರರು ಕೇಳುವುದಿಲ್ಲ, ತಾನು ಲೆಕ್ಕದಲ್ಲಿ ಒಮ್ಮೆ ತಪ್ಪಿದವಳು ಎಂದಳು.

“ಸರ್, ಇವತ್ತೊಂದು ದಿನ ತಿದ್ದೋ ಅನುಮತಿ ಕೊಡ್ರಿ. ಬಿಲ್ಲಿಂಗ್ ಸರ್ವರಿನ್ಯಾಗ ಆ ಬಿಲ್‌ಗಳ ತಾರೀಖು ಶನಿವಾರಕ್ಕ ಮಾಡಿ, ಅಲ್ಲಿಂದನ ವರದಿ ಮತ್ತ ಕಳಿಸ್ತೀನಿ. ಖರೇನ ಐತಲ್ರಿ, ಸುಳ್ಳೇನ ಅಲ್ಲ.”

ಅಭಿನಂದನರು ಅವಳ ಪತ್ರವನ್ನು ಪರದೆಯ ಮೇಲೆ ತೆರೆದು ಅವಳತ್ತ ತಿರುಗಿಸಿದರು.

“ಕೈಬಿಲ್ಲಿನ ಫೋಟೋ ತರ್ಸು. ನಾನೂ ಮೀಟಿಂಗಿಗೆ ಬರ್ತೀನಿ, ಸಾವಕಾರ್ರ ಮುಂದ ಇಬ್ರೂ ಹೇಳೂಣು.” ‘ಒಂದಕ್ಷರವನ್ನೂ ನಾನು ತಿದ್ದಲಾರೆ’ ಎಂಬ ಸಾಲಿನ ಮೇಲೆ ಬೆರಳಿಟ್ಟು ಅಂದರು, “ತಿದ್ದೋ ಅನುಮತಿ ಮಾತ್ರ ಕೊಡಾಂಗಿಲ್ಲ, ಸ್ನೇಹಲ.”