ನೆಗೆಣ್ಣಿ ತೆಗೆದು ನೋಡಿದ ಪಾಲಿಸಿ

ಎಫ್‌ಡಿ ಎಂದು ಹೇಳಿ ಬ್ಯಾಂಕಿನ ಏಜೆಂಟ್ ಮುತ್ತವ್ವನಿಂದ ಇಡಿಸಿದ್ದ ಎರಡು ಲಕ್ಷ ರೂಪಾಯಿ ವಿಮಾ ಪಾಲಿಸಿಯಾಗಿತ್ತು. ಹತ್ತು ವರ್ಷ ಪ್ರತಿವರ್ಷವೂ ಅಷ್ಟೇ ಕಟ್ಟಬೇಕಿತ್ತು. ಅದನ್ನು ಓದಿ ಪತ್ತೆಹಚ್ಚಿದವಳು ಮೈದುನನ ಹೆಂಡತಿ, ನೆಗೆಣ್ಣಿ ಪೂರ್ಣಿಮಾ ಎಂಬುದು ಅವಳಿಗೆ ಮೋಸಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಬನಹಟ್ಟಿ ಶಾಖೆಯ ಮ್ಯಾನೇಜರ್ ದಿನ ಎಣಿಸಿದರು. "ಪಾಲಿಸಿ ಕೈಗೆ ಬಂದು ಇಪ್ಪತ್ತಾರು ದಿನ ಆತು. ಮೂವತ್ತರೊಳಗ ರದ್ದು ಮಾಡಬಹುದ್ರಿ. ಸ್ವಲ್ಪ ಖರ್ಚು ಮುರಕೊಂಡು ಉಳಿದದ್ದು ಕಂಪನಿ ಖಾತೆಗೆ ಹಾಕತೈತಿ. ಏಜೆಂಟನ ಮ್ಯಾಲೂ ದೂರು ಬರೀರಿ. ಓದದ ಯಾಕ ಸಹಿ ಮಾಡಿದ್ರಿ?"

ಮುತ್ತವ್ವನ ಪಕ್ಕ ಕೂತು ರದ್ದತಿ ಅರ್ಜಿ ಬರೆಯುತ್ತಿದ್ದ ಪೂರ್ಣಿಮಾ ತಲೆ ಎತ್ತಿದಳು. ಮುತ್ತವ್ವ ನೆಲ ನೋಡಿದಳು.

"ಪೂರ್ಣಿಮಾ ಒಂದ ಲಕ್ಷ ಇಟ್ಟಾಳ ಅಂದ್ನಿರಿ ಅಂವ. ಅದಕ್ಕ ನಾ ಎರಡ ಇಟ್ಟೆ."

"ಅಯ್ಯ ಅಕ್ಕಾ, ನಾ ಎಲ್ಲಿ ಇಟ್ಟೇನ್ರಿ? ನೀವು ಇಟ್ಟೀರಿ ಅಂತ ನನಗ ಬಂದು ಹೇಳಿದ. ನನ್ನ ಹತ್ರ ರೊಕ್ಕ ಇರಲಿಲ್ಲ. ಹದಿನೈದ ದಿನ ಹೊಟ್ಟಿ ಉರಕೊಂಡು, ಬಡ್ಡಿ ಎಷ್ಟಂತ ನೋಡೂಣು ಅಂತ ನಿಮ್ಮ ಕಾಗದ ಕದ್ದು ತಗದೆ!"

ಮುತ್ತವ್ವನ ಮುಖ ನಿಧಾನವಾಗಿ ಅರಳಿತು. "ಹದಿನೈದ ದಿನಾ?"

"ಹೂಂ ರೀ."

"ಅದನ್ನೂ ಬರಿ ಬೇ," ಎಂದ ಮುತ್ತವ್ವ, ಅರ್ಜಿಯನ್ನು ಪೂರ್ತಿ ಓದಿಸಿಕೊಂಡು ಸಹಿ ಹಾಕಿದಳು.