ಚುಕ್ಕೆ ಕೇಳಿದವರು

ಬೆಟ್ಟದಲ್ಲಿ ಕಾಲು ಮುರಿದುಕೊಂಡು ಬಿದ್ದವನು ಅವಳ ಮೈದುನ. ಅವನನ್ನು ಹುಡುಕಿ ಕೊಡಬೇಕಾದವಳು ಅವನೊಂದಿಗೆ ನಾಲ್ಕು ವರ್ಷದಿಂದ ಮಾತು ಬಿಟ್ಟ ಅತ್ತಿಗೆ. ಜಿಲ್ಲೆಯ ರಕ್ಷಣಾ ಕಚೇರಿಯಲ್ಲಿ ನಕ್ಷೆಯ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲ, ಹಾಗಾಗಿ ಆರಿಸಿಕೊಳ್ಳುವ ಮಾತೇ ಬರಲಿಲ್ಲ.

ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಅವನು ತಾಯಿಯ ಮೊಬೈಲಿಗೆ ಒಂದು ಫೋಟೋ ಕಳಿಸಿದ್ದ. ಕೆಳಗೆ ಎರಡೇ ಸಾಲು: ‘ಕಾಲು ಮುರಿದಿದೆ. ಇಲ್ಲಿದ್ದೀನಿ.’ ಆಮೇಲೆ ಅವನ ಫೋನು ಸತ್ತಿತ್ತು. ಇಲ್ಲಿ ಅಂದರೆ ಎಲ್ಲಿ? ಫೋಟೋದಲ್ಲಿ ಎಡಗಡೆ ಹತ್ತಿರದಲ್ಲೇ ಭುಜದ ಹಾಗೆ ಚಾಚಿದ ಬೆಟ್ಟದ ಒಂದು ಬೋಳು ಅಂಚು, ಅದರಾಚೆ ಸಾಲಾಗಿ ಐದು ಶಿಖರ, ಮೇಲೆ ಆಕಾಶ. ಜಾಗದ ವಿವರವನ್ನು ಮೆಸೇಜಿನ ಆ್ಯಪು ಅಳಿಸಿಹಾಕಿತ್ತು. ಮೊಬೈಲ್ ಟವರಿನವರು ಹೇಳಿದ್ದು ಹದಿನೈದು ಕಿಲೋಮೀಟರಿನ ಒಂದು ಹೋಳು. ಬೆಟ್ಟದಲ್ಲಿ ಅಷ್ಟನ್ನು ಹುಡುಕಲು ಒಂದು ವಾರ ಬೇಕು. ಅವನ ಹತ್ತಿರ ಇದ್ದದ್ದು ಒಂದು ತೆಳು ಅಂಗಿ, ರಾತ್ರಿ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ.

ಉಳಿದದ್ದು ಆ ಶಿಖರಗಳ ಗೆರೆ. ಬೆಟ್ಟಗಳ ಎತ್ತರವನ್ನು ಮೂವತ್ತು ಮೀಟರಿಗೊಂದರಂತೆ ಅಳೆದ ಲೆಕ್ಕ ಅವಳ ಕಂಪ್ಯೂಟರಿನಲ್ಲಿತ್ತು. ಆ ಲೆಕ್ಕದಿಂದ, ಇಂಥ ಜಾಗದಲ್ಲಿ ನಿಂತರೆ ಬಾನಂಚು ಹೇಗೆ ಕಂಡೀತೆಂದು ಯಂತ್ರ ಗೆರೆ ಎಳೆಯುತ್ತದೆ. ಫೋಟೋದ ಗೆರೆಯನ್ನು ಆ ಸಾವಿರಾರು ಗೆರೆಗಳ ಪಕ್ಕಕ್ಕಿಟ್ಟು ಯಾವುದು ಹೊಂದುತ್ತದೆಂದು ನೋಡಬೇಕು. ಅವನ ಫೋನು ಯಾವುದೆಂದು ತಾಯಿಗೆ ಗೊತ್ತಿತ್ತು. ಅದರ ಕ್ಯಾಮೆರಾ ಎಷ್ಟು ಅಗಲ ನೋಡುತ್ತದೆಂಬುದು ಅದರಿಂದ ಸಿಕ್ಕಿತು.

ಹನ್ನೊಂದು ಗಂಟೆಗೆ ಉತ್ತರ ಬಂತು: ಹೊಂದುವ ಜಾಗಗಳ ಒಂದು ಪಟ್ಟಿ, ಪ್ರತಿಯೊಂದಕ್ಕೂ ಹೊಂದಿಕೆಯ ಅಂಕ. ದಳದ ಮುಖ್ಯಸ್ಥ ಬೆನ್ನ ಹಿಂದೆಯೇ ನಿಂತಿದ್ದ. ಕತ್ತಿನಲ್ಲಿ ಸದಾ ಶಿಳ್ಳೆ ನೇತಾಡುತ್ತಿದ್ದುದರಿಂದ ಅವನಿಗೆ ಶಿಳ್ಳೆಯಪ್ಪ ಎಂದೇ ಹೆಸರು.

“ಹೇಳಿ ಮೇಡಂ, ಎಲ್ಲಿ?”

“ಪೂರ್ವದ ಇಳಿಜಾರು ಅನ್ಸುತ್ತೆ. ಆದ್ರೆ ಇನ್ನೂ ಸುಮಾರು ಜಾಗ—”

“ನಂಗೆ ಕತೆ ಬೇಡ, ಚುಕ್ಕೆ ಬೇಕು. ನಕ್ಷೆ ಮೇಲೆ ಒಂದೇ ಚುಕ್ಕೆ. ಹುಡುಗರು ಬೂಟು ಹಾಕ್ಕೊಂಡು ನಿಂತಿದ್ದಾರೆ.”

ಅವಳಿಗೆ ಸಿಟ್ಟು ಬಂತು. ಬಂದ ಸಿಟ್ಟಿನಲ್ಲಿ ಪಟ್ಟಿಯ ಮೊದಲ ಸಾಲನ್ನು ಚೀಟಿಯಲ್ಲಿ ಬರೆದು ಅವನ ಎದೆಗೆ ಒತ್ತಿದಳು. ಕೆಳಗಿನ ಸಾಲುಗಳನ್ನು ನೋಡಲಿಲ್ಲ.

ಒಂದೂವರೆಗೆ ವೈರ್‌ಲೆಸ್ಸಿನಲ್ಲಿ ಕೂಗು ಬಂತು. ಚುಕ್ಕೆಯ ಜಾಗದಲ್ಲಿ ಯಾರೂ ಇಲ್ಲ, ಸುತ್ತ ಜಾಲಾಡಿದ್ದೂ ಆಯಿತು. ಇನ್ನೂ ಒಂದು ಗಂಟೆ ಹುಡುಕಿ ಎಂದ ಶಿಳ್ಳೆಯಪ್ಪ. ಎರಡೂವರೆಗೂ ಅದೇ ಉತ್ತರ.

ಬೆಳಿಗ್ಗೆಯಿಂದ ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಎದ್ದಳು.

“ನಂಗೆ ಗೊತ್ತಿತ್ತು ಕಣೇ. ನೋಡದೇ ಸಹಿ ಹಾಕೋಳು ನೀನು ಅಂತ ನನ್ನ ಮಗ ಅವತ್ತೇ ಬರೆದು ಕೊಟ್ಟಿದ್ದ. ಅದಕ್ಕೆ ತಾನೆ ನಿನಗೆ ಅವನ ಮೇಲೆ ಈ ಹಗೆ.”

ಮೈದುನ ಅವಳ ಮೇಲಧಿಕಾರಿಗಳಿಗೆ ಬರೆದುಕೊಟ್ಟ ಆ ದೂರಿನಿಂದ ಅವಳ ಬಡ್ತಿ ನಿಂತಿತ್ತು. ದೂರು ಸುಳ್ಳೆಂದು ಅವಳು ನಾಲ್ಕು ವರ್ಷ ಹೇಳುತ್ತ ಬಂದಿದ್ದಳು. ಇವತ್ತು ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

“ಅತ್ತೆ, ಬೈಯೋದನ್ನ ಸಂಜೆಗೆ ಇಟ್ಕೊಳ್ಳಿ. ಈಗ ಸುಮ್ನೆ ಕೂತ್ಕೊಳ್ಳಿ.”

“ಸಂಜೆಗೆ ಯಾರಿರ್ತಾರೋ.”

ಅವಳು ಪಟ್ಟಿಯನ್ನು ಮತ್ತೆ ತೆಗೆದಳು. ಮೊದಲನೆಯದಕ್ಕೆ ತೊಂಬತ್ತೊಂದು ಅಂಕ. ಅದರ ಕೆಳಗೆ ನಲವತ್ತು ಜಾಗಗಳಿಗೆ ತೊಂಬತ್ತು. ನಕ್ಷೆಯ ಮೇಲೆ ಅವನ್ನು ಹಾಕಿದಾಗ ಬಿಟ್ಟ ಬಾಣದ ಹಾಗೆ ಶಿಖರಗಳ ಕಡೆ ಮುಖ ಮಾಡಿದ ಒಂದು ಪಟ್ಟೆ ಮೂಡಿತು, ಉದ್ದ ಒಂದೂವರೆ ಕಿಲೋಮೀಟರು. ಮೂವತ್ತು ಕಿಲೋಮೀಟರು ದೂರದ ಶಿಖರದ ಕಡೆಗೆ ನೀವು ಒಂದು ಕಿಲೋಮೀಟರು ನಡೆದರೂ ಅದರ ಆಕಾರ ಬದಲಾದದ್ದು ಕಣ್ಣಿಗೆ ಬೀಳುವುದಿಲ್ಲ. ದೂರದ ಬೆಟ್ಟ ದಿಕ್ಕು ಹೇಳುತ್ತದೆ, ಜಾಗ ಹೇಳಬೇಕಾದ್ದು ಹತ್ತಿರದ ಬೆಟ್ಟ. ಹತ್ತಿರದ ಭುಜವನ್ನು ಅವಳು ಬೆಳಿಗ್ಗೆ ತಾನೇ ಲೆಕ್ಕದಿಂದ ಕಿತ್ತುಹಾಕಿದ್ದಳು. ಎಲ್ಲಿ ನಿಂತರೂ ಲೆಕ್ಕದ ಭುಜ ಫೋಟೋದ ಭುಜಕ್ಕಿಂತ ಎತ್ತರವಾಗಿ ಬಂದು ಅಂಕ ಕೆಡಿಸುತ್ತಿತ್ತು. ಏನೋ ತಪ್ಪು ಲೆಕ್ಕವೆಂದು ಅಳಿಸಿದ್ದಳು. ಏಕೆಂದು ಕೇಳಿಕೊಂಡಿರಲಿಲ್ಲ.

“ಈ ಭುಜ ಯಾಕೆ ಇಷ್ಟು ತಗ್ಗು?” ಎಂದಳು, ಯಾರಿಗೂ ಅಲ್ಲದ ಹಾಗೆ.

“ತಗ್ಗಲ್ದೆ ಇನ್ನೇನು,” ಎಂದಳು ಅತ್ತೆ. “ಹೋದ ವರ್ಷ ಕರೆಂಟು ಕಂಬಕ್ಕೆ ದಾರಿ ಮಾಡೋಕೆ ಅಲ್ಲಿರೋ ಮರ ಎಲ್ಲ ನನ್ನ ಮಗನೇ ಕಡಿಸಿದ್ದು. ಬೋಳುಮಂಡೆ ಮಾಡಿಬಿಟ್ರು. ಆ ಕೆಲಸದ ಮೇಲೇ ತಾನೆ ಇವತ್ತೂ ಹೋಗಿದ್ದು. ಅಷ್ಟೂ ಗೊತ್ತಿಲ್ಲ, ಒಬ್ರೂ ಕೇಳ್ಲೂ ಇಲ್ಲ, ನಕ್ಷೆಯಂತೆ ನಕ್ಷೆ.”

ಕಂಪ್ಯೂಟರಿನಲ್ಲಿದ್ದದ್ದು ಮರ ಕಡಿಯುವ ಮುಂಚೆ ಆಕಾಶದಿಂದ ಅಳೆದ ಎತ್ತರ. ಕಾಡಿರುವಲ್ಲಿ ನೆಲಕ್ಕೆ ಇಳಿಯುವುದಿಲ್ಲ, ಮರದ ನೆತ್ತಿಯ ಹತ್ತಿರವೇ ನಿಲ್ಲುತ್ತದೆ. ಮರ ಹೋಗಿತ್ತು, ಲೆಕ್ಕದಲ್ಲಿ ಮಾತ್ರ ಇನ್ನೂ ನಿಂತಿತ್ತು.

“ಮರ ಎಷ್ಟೆತ್ತರ ಇತ್ತು?” ಎಂದು ಶಿಳ್ಳೆಯಪ್ಪನ ಕಡೆ ತಿರುಗಿದಳು.

“ಇಪ್ಪತ್ತು ಮೀಟರು. ನಾನೇ ಆ ಕಾಡಲ್ಲಿ ಓಡಾಡಿದೋನು. ಈಗ ಮರದ ಕತೆ ಶುರುವಾಯ್ತಾ?”

“ಹೌದು, ಶುರುವಾಯ್ತು. ಬಾಯ್ಮುಚ್ಚಿ.”

ಆ ಕೋಣೆಯಲ್ಲಿ ಅವನಿಗೆ ಯಾರೂ ಹಾಗೆ ಅಂದಿರಲಿಲ್ಲ. ಅವನ ಕಿವಿ ಕೆಂಪಾಯಿತು, ಆದರೆ ಬಾಯಿ ಮುಚ್ಚಿತು.

ಕಡಿದ ಕಾಡಿನಷ್ಟು ಜಾಗದ ಎತ್ತರವನ್ನು ಇಪ್ಪತ್ತು ಮೀಟರು ತಗ್ಗಿಸಿದಳು. ಅಳತೆ ಎಲೆಗಳ ಒಳಗೆ ಸ್ವಲ್ಪ ಇಳಿದಿರಲೂಬಹುದೆಂದು ಹದಿನೈದು ತಗ್ಗಿಸಿಯೂ ನೋಡಿದಳು. ಕ್ಯಾಮೆರಾದ ಎತ್ತರವನ್ನು ನಿಂತವನ ಕಣ್ಣಿನಿಂದ ಕೂತವನ ಕಣ್ಣಿಗೆ ಇಳಿಸಿದಳು. ಕಾಲು ಮುರಿದವನು ನಿಂತು ಫೋಟೋ ತೆಗೆಯುವುದಿಲ್ಲ. ಫೋಟೋದಲ್ಲಿ ಐದನೆಯ ಶಿಖರದ ಅರ್ಧ ಭುಜದ ಹಿಂದೆ ಅಡಗಿತ್ತು. ಪಟ್ಟೆಯ ಮೇಲೆ ಮುಂದೆ ಹೋದರೆ ಅದು ಪೂರ್ತಿ ಕಾಣುತ್ತಿತ್ತು, ಹಿಂದೆ ಹೋದರೆ ಪೂರ್ತಿ ಮುಚ್ಚುತ್ತಿತ್ತು. ಅರ್ಧ ಕಾಣುವ ಜಾಗ ಚಿಕ್ಕದು. ಒಂದೂವರೆ ಕಿಲೋಮೀಟರು ಕುಗ್ಗಿ ಇನ್ನೂರು ಮೀಟರಿಗೆ ಬಂತು, ಬೆಳಗಿನ ಚುಕ್ಕೆಯಿಂದ ಬಹಳ ಕೆಳಗೆ.

“ಚುಕ್ಕೆ ಕೊಡಿ,” ಎಂದ ಶಿಳ್ಳೆಯಪ್ಪ. “ಬಿಸಿಲು ಇನ್ನೆರಡು ಗಂಟೆ.”

“ಚುಕ್ಕೆ ಇಲ್ಲ. ಇನ್ನೂರು ಮೀಟರಿನ ಗೆರೆ ಇದೆ. ಕೆಳಗಿನ ತುದಿಯಿಂದ ಮೇಲಕ್ಕೆ ನಡೀಲಿ, ಎರಡೂ ಪಕ್ಕ ಐವತ್ತೈವತ್ತು ಮೀಟರು ನೋಡ್ಲಿ.”

“ಇದನ್ನ ಬೆಳಿಗ್ಗೆನೇ ಹೇಳೋಕೆ ನಿಮಗೇನಾಗಿತ್ತು?”

“ನೀವು ಕೇಳ್ಲಿಲ್ಲ, ನಾನು ನೋಡ್ಲಿಲ್ಲ. ಜಗಳ ಬೇಕಾದ್ರೆ ಆಮೇಲೆ ಆಡೋಣ, ಹುಡುಗರನ್ನ ಇಳಿಸಿ.”

ಅವನು ಮೈಕು ಕಿತ್ತುಕೊಂಡವನಂತೆ ಎತ್ತಿ, ಗೆರೆಯ ಎರಡು ತುದಿಗಳ ಅಂಕಿಗಳನ್ನು ಓದಿದ. ಅವನ ದನಿಯಲ್ಲಿ ಅವಳ ಮೇಲಿನ ಸಿಟ್ಟೆಲ್ಲ ಆ ಅಂಕಿಗಳ ಮೇಲೆ ಬೀಳುತ್ತಿತ್ತು.

ನಾಲ್ಕೂ ಐವತ್ತಕ್ಕೆ ವೈರ್‌ಲೆಸ್ಸು ಕರಕರ ಎಂದಿತು. ಕೆಳಗಿನ ತುದಿಯಿಂದ ನಲವತ್ತು ಮೀಟರು ಮೇಲೆ, ಬಂಡೆಯ ಮರೆಯಲ್ಲಿ ಸಿಕ್ಕಿದ್ದ. ಮೈ ತಣ್ಣಗಾಗಿದೆ, ಮಾತಾಡುತ್ತಿದ್ದಾನೆ, ಹೊತ್ತು ತರುತ್ತಿದ್ದೇವೆ.

ಅತ್ತೆ ಸೀದಾ ಬಂದು ಮೈಕಿನ ಮುಂದೆ ಬಾಗಿದಳು. “ಮಗಾ, ನಿಮ್ಮತ್ತಿಗೆ ಮೂರು ಗಂಟೆ ಬೇರೆಲ್ಲೋ ಹುಡುಕಿಸಿದ್ಲು ಕಣೋ.”

ಅದು ಸುಳ್ಳಾಗಿರಲಿಲ್ಲ.

ಶಿಳ್ಳೆಯಪ್ಪ ವರದಿಯ ಹಾಳೆ ಎಳೆದುಕೊಂಡ. “ಮೊದಲನೇ ಜಾಗ ತಪ್ಪಿತ್ತು ಅಂತ ಬರೀಬೇಕಾಗುತ್ತೆ ಮೇಡಂ.”

“ಬರೀರಿ. ಅಷ್ಟೇ ಚೆನ್ನಾಗಿ ಹೊಂದೋ ಇನ್ನೂ ನಲವತ್ತು ಜಾಗ ಇದ್ವು, ನೋಡದೇ ಕೊಟ್ಲು ಅಂತಾನೂ ಬರೀರಿ.”

“ಮತ್ತೆ ನಾನು ಒಂದೇ ಚುಕ್ಕೆ ಕೇಳಿದ್ನಲ್ಲ, ಅದು?”

“ಅದನ್ನ ನೀವು ಬರ್ಕೊಳ್ಳಿ. ಬರೆಯೋ ಧೈರ್ಯ ಇಲ್ದಿದ್ರೆ ಬಿಡಿ. ನನ್ನ ಸಾಲಿಗೆ ನಾನು ಸಹಿ ಹಾಕ್ತೀನಿ, ಓದಿನೇ ಹಾಕ್ತೀನಿ.”

ಅವನ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ಅಷ್ಟರಲ್ಲಿ ಬೆಟ್ಟದ ಬುಡಕ್ಕೆ ಆಂಬ್ಯುಲೆನ್ಸು ಹೊರಡುವ ಸದ್ದಾಗಿ ಅತ್ತೆ ಚೀಲ ಎತ್ತಿಕೊಂಡಳು. ಬಾಗಿಲಲ್ಲಿ ನಿಂತು, ಗೋಡೆಗೆ ಹೇಳುವ ಹಾಗೆ, “ಬರ್ತೀಯಾ?” ಎಂದಳು.

“ಬರಲ್ಲ. ನನ್ನ ಮುಖ ಕಂಡ್ರೆ ಅವನು ಇನ್ನೊಂದು ಕಾಲೂ ಮುರ್ಕೋತಾನೆ.”

“ಅದೂ ನಿಜವೇ,” ಎಂದು ಅತ್ತೆ ಮೆಟ್ಟಿಲಿಳಿದಳು.